ಮನೆಮಾತಿನಲ್ಲೇ ಮಾತು ಮರಳಲಿ

ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರು ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರದಲ್ಲಿ ಚೆನ್ನೈನ ಕನ್ನಡ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಸಂಗತಿಗಳು ನಡೆಯುತ್ತವೆ. ಮೊದಲನೆಯದು, ಮನೆಯವರೆಲ್ಲ ಮೇಷ್ಟ್ರಾಗಿಬಿಡುತ್ತಾರೆ. ಲೋಟ ಎತ್ತಿ ತೋರಿಸಿ ‘ಇದೇನು ಹೇಳಿ’, ಮೊಮ್ಮಗನನ್ನು ಎದುರಿಗೆ ನಿಲ್ಲಿಸಿ ‘ಇವನ ಹೆಸರೇನು ಹೇಳಿ’ ಎಂದು ಕೇಳುತ್ತಾರೆ. ನೋಡಲು ಬಂದವರೆಲ್ಲ ಒಂದೊಂದು ಸಲ ಪರೀಕ್ಷೆ ನಡೆಸಿಯೇ ಹೋಗುತ್ತಾರೆ. ಎರಡನೆಯದು, ಮನೆಯ ಭಾಷೆಯೇ ಬದಲಾಗುತ್ತದೆ. ಥೆರಪಿಸ್ಟ್ ತಮಿಳಿನಲ್ಲಿ ಮಾತಾಡುತ್ತಾರೆ, ಕೊಟ್ಟ ಚಿತ್ರದ ಹಾಳೆಗಳಲ್ಲಿ ಇಂಗ್ಲಿಷ್ ಇದೆ, ‘ಒಂದೇ ಭಾಷೆಯಲ್ಲಿ ಮಾತಾಡಿಸಿ, ಗೊಂದಲ ಮಾಡಬೇಡಿ’ ಎಂದು ಯಾರೋ ಹೇಳಿದ್ದಾರೆ. ಹಾಗಾಗಿ ನಲವತ್ತು ವರ್ಷ ಕನ್ನಡದಲ್ಲಿ ಸಂಸಾರ ಮಾಡಿದ ಹೆಂಡತಿ ಗಂಡನ ಮುಂದೆ ಕೂತು ತೊದಲು ತಮಿಳಿನಲ್ಲಿ ಚಿತ್ರ ತೋರಿಸತೊಡಗುತ್ತಾರೆ.

ಎರಡೂ ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತವೆ. ಆದರೆ ಎರಡೂ ತಪ್ಪು ದಾರಿ. ಮನೆಯ ಅಭ್ಯಾಸ ಮನೆಮಾತಿನಲ್ಲೇ ನಡೆಯಬೇಕು; ಅದು ಪರೀಕ್ಷೆಯಂತಿರದೆ, ಆ ಮನೆಗೆ ಬೇಕಾದ ಕೆಲವೇ ಮಾತುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೈಗೆಟುಕಿಸುವ ಕೆಲಸವಾಗಿರಬೇಕು. ಇದು ಭಾಷಾಭಿಮಾನದ ಮಾತಲ್ಲ. ಅಫೇಸಿಯಾ ಎಂಬ ತೊಂದರೆಯ ಸ್ವಭಾವವೇ ಇದನ್ನು ಕೇಳುತ್ತದೆ.

ಮರೆವಲ್ಲ, ಹಟವೂ ಅಲ್ಲ

ಬಹುತೇಕರಲ್ಲಿ ಭಾಷೆಯ ಕೆಲಸವನ್ನು ನಡೆಸುವುದು ಮಿದುಳಿನ ಎಡಭಾಗ. ಅಲ್ಲಿನ ರಕ್ತನಾಳ ಕಟ್ಟಿಕೊಂಡಾಗ ಅಥವಾ ಒಡೆದಾಗ ಬಲಗೈ ಬಲಗಾಲಿನ ಜೊತೆಗೆ ಭಾಷೆಗೂ ಪೆಟ್ಟು ಬೀಳುತ್ತದೆ. ಇದೇ ಅಫೇಸಿಯಾ. ನಾಲಿಗೆ ತುಟಿಗಳ ಬಲ ಕುಂದಿ ಮಾತು ಅಸ್ಪಷ್ಟವಾಗುವುದು ಬೇರೆ ತೊಂದರೆ. ಎರಡೂ ಒಟ್ಟಿಗೆ ಇರಬಹುದು. ಅಫೇಸಿಯಾದಲ್ಲಿ ವಸ್ತು ಯಾವುದೆಂದು ಗೊತ್ತು, ಅದರಿಂದ ಏನು ಮಾಡಬೇಕೆಂದೂ ಗೊತ್ತು, ಆದರೆ ಅದರ ಹೆಸರು ಕರೆದಾಗ ಬರುವುದಿಲ್ಲ. ಲೋಟ ತೋರಿಸಿ ‘ಇದೇನು’ ಎಂದು ಹತ್ತು ಸಲ ಕೇಳಿದರೆ ಹತ್ತು ಸಲ ಸೋಲಿಸಿದಂತೆ ಆಗುತ್ತದೆಯೇ ಹೊರತು ಹೆಸರಿಗೆ ಹೋಗುವ ದಾರಿ ತೆರೆಯುವುದಿಲ್ಲ.

ಎಲ್ಲರ ಅಫೇಸಿಯಾ ಒಂದೇ ಅಲ್ಲ. ಕೆಲವರಿಗೆ ಹೇಳಿದ್ದು ಸುಮಾರಾಗಿ ಅರ್ಥವಾಗುತ್ತದೆ, ಮಾತು ಮಾತ್ರ ತಡೆತಡೆದು ಒಂದೊಂದೇ ಪದವಾಗಿ ಬರುತ್ತದೆ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ವಿವರಿಸಿದ ರೋಗಿಯ ಬಾಯಲ್ಲಿ ‘ಟಾನ್’ ಎಂಬ ಒಂದೇ ಸದ್ದು ಉಳಿದಿತ್ತು. ಇನ್ನು ಕೆಲವರಲ್ಲಿ ಮಾತು ಸರಾಗವಾಗಿ ಹರಿಯುತ್ತದೆ, ಆದರೆ ಅದಕ್ಕೆ ಅರ್ಥವಿರುವುದಿಲ್ಲ, ಬೇರೆಯವರು ಹೇಳಿದ್ದೂ ಅವರಿಗೆ ಸರಿಯಾಗಿ ತಿಳಿಯುವುದಿಲ್ಲ. 1874ರಲ್ಲಿ ಕಾರ್ಲ್ ವೆರ್ನಿಕೆ ಬರೆದದ್ದು ಇಂಥವರ ಬಗ್ಗೆ. ಇಲ್ಲಿ ಮುಂದೆ ಹೇಳುವ ಪದಗಳ ಅಭ್ಯಾಸ ಮೊದಲನೆಯ ಬಗೆಯವರಿಗೆ ಹೊಂದುತ್ತದೆ. ಎರಡನೆಯ ಬಗೆಯವರಿಗೆ ಪದ ಹೇಳಿಸುವುದಕ್ಕಿಂತ ಮೊದಲು ಕೇಳಿದ್ದನ್ನು ತಿಳಿಯುವ ಅಭ್ಯಾಸ ಬೇಕು. ಯಾವ ಬಗೆ ಎಂಬುದನ್ನು ವಾಕ್ ಚಿಕಿತ್ಸಕರಿಂದಲೇ ತಿಳಿದುಕೊಳ್ಳಬೇಕು.

ಮನೆಯವರನ್ನು ಹೆಚ್ಚು ದಾರಿ ತಪ್ಪಿಸುವ ಒಂದು ಸಂಗತಿ ಇದೆ. ನೀರು ಕೇಳಲಾರದ ಮನುಷ್ಯ ಸಂಜೆ ದೀಪ ಹಚ್ಚಿದಾಗ ಪೂರ್ತಿ ಶ್ಲೋಕ ಹೇಳಿಬಿಡುತ್ತಾರೆ. ಒಂದರಿಂದ ಹತ್ತರವರೆಗೆ ಎಣಿಸುತ್ತಾರೆ. ಸಿಟ್ಟು ಬಂದಾಗ ಬೈಗುಳ ಸ್ಪಷ್ಟವಾಗಿ ಬರುತ್ತದೆ. ‘ಬೇಕೆಂದಾಗ ಬರುತ್ತೆ, ನಮ್ಮ ಹತ್ತಿರ ಮಾತ್ರ ಹಟ’ ಎಂದು ಮನೆಯವರಿಗೆ ಅನ್ನಿಸುತ್ತದೆ. ಆದರೆ ಬಾಯಿಪಾಠವಾಗಿ ಕೂತ ಮಾತೇ ಬೇರೆ, ಆ ಕ್ಷಣಕ್ಕೆ ಹೊಸದಾಗಿ ಕಟ್ಟಿ ಹೇಳಬೇಕಾದ ಮಾತೇ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲೇ ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ ಈ ವ್ಯತ್ಯಾಸವನ್ನು ಗುರುತಿಸಿದ್ದರು. ಶ್ಲೋಕ, ಎಣಿಕೆ, ದೇವರನಾಮ ಇವು ಬಾಯಿ ತೆರೆಸಲು, ಧೈರ್ಯ ಬರಿಸಲು ಒಳ್ಳೆಯವು. ಐದು ನಿಮಿಷ ಅವುಗಳಿಂದ ಶುರು ಮಾಡಬಹುದು. ಆದರೆ ದಿನಕ್ಕೆ ಒಂದು ಗಂಟೆ ದೇವರನಾಮ ಹಾಡಿಸಿದರೂ ‘ಬೆನ್ನು ನೋಯ್ತಿದೆ’ ಎಂಬ ಮಾತು ಅದರಿಂದ ತಾನಾಗಿ ಹುಟ್ಟುವುದಿಲ್ಲ.

ಯಾವ ಭಾಷೆ?

ಚೆನ್ನೈನಲ್ಲಿ ಬೆಳೆದ ಅಥವಾ ಬದುಕು ಕಟ್ಟಿಕೊಂಡ ಕನ್ನಡಿಗರ ತಲೆಯಲ್ಲಿ ಒಂದೇ ಭಾಷೆ ಇರುವುದಿಲ್ಲ. ಅಡುಗೆಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಆಟೋದಲ್ಲಿ ತಮಿಳು, ಬ್ಯಾಂಕಿನಲ್ಲಿ ಪತ್ರಿಕೆಯಲ್ಲಿ ಇಂಗ್ಲಿಷ್. ಕರಾವಳಿಯಿಂದ ಬಂದವರಾದರೆ ತುಳುವೋ ಕೊಂಕಣಿಯೋ ಸೇರುತ್ತದೆ. ಸ್ಟ್ರೋಕ್ ಆದ ಮೇಲೆ ಇವುಗಳಲ್ಲಿ ಯಾವುದು ಮೊದಲು ಮರಳುತ್ತದೆ ಎಂಬ ಪ್ರಶ್ನೆ ಹಳೆಯದು. ಮೊದಲು ಕಲಿತದ್ದೇ ಗಟ್ಟಿಯಾಗಿ ಉಳಿಯುತ್ತದೆ ಎಂಬುದು ಫ್ರಾನ್ಸಿನ ರಿಬೋ ಅವರ ವಾದ. ಕಾಯಿಲೆಗೆ ಮುಂಚೆ ಹೆಚ್ಚು ಬಳಕೆಯಲ್ಲಿದ್ದದ್ದು ಮೊದಲು ಬರುತ್ತದೆ ಎಂದು 1895ರಲ್ಲಿ ಪಿತ್ರ್ ಬರೆದರು. ಮುಂದೆ ಕೆನಡಾದ ಮಿಶೆಲ್ ಪರಾಡಿಸ್ ದಾಖಲಾದ ರೋಗಿಗಳ ವಿವರಗಳನ್ನು ಒಟ್ಟಿಗೆ ನೋಡಿದಾಗ ಈ ಎರಡೂ ನಿಯಮಗಳು ಎಲ್ಲರಿಗೂ ಹೊಂದುವುದಿಲ್ಲ ಎಂದು ಕಂಡಿತು. ಹೆಚ್ಚಿನವರಲ್ಲಿ ಭಾಷೆಗಳೆಲ್ಲ ಸುಮಾರಾಗಿ ಒಟ್ಟೊಟ್ಟಿಗೇ ಸುಧಾರಿಸುತ್ತವೆ. ಕೆಲವರಲ್ಲಿ ಮಾತ್ರ ಒಂದು ಮುಂದೆ, ಒಂದು ಹಿಂದೆ.

ಇದರಿಂದ ಮನೆಯವರಿಗೆ ಸಿಗುವ ಪಾಠ ಸರಳ. ಯಾವ ಭಾಷೆಯನ್ನೂ ನಿಷೇಧಿಸಬೇಕಾಗಿಲ್ಲ. ನೀರು ಬೇಕಾದಾಗ ಬಾಯಿಗೆ ‘ತಣ್ಣಿ’ ಬಂದರೆ ಅದು ಗೆಲುವೇ. ನೀರು ತಂದುಕೊಡಬೇಕು, ಕೊಡುವಾಗ ‘ನೀರು, ತಗೊಳ್ಳಿ’ ಎನ್ನಬೇಕು. ‘ಕನ್ನಡದಲ್ಲಿ ಹೇಳಿ’ ಎಂದು ತಿದ್ದಿದರೆ ಬಂದ ಮಾತೂ ಒಳಗೆ ಹೋಗುತ್ತದೆ. ಆದರೆ ಅಭ್ಯಾಸಕ್ಕೆಂದು ಕೂತಾಗ ಆರಿಸಬೇಕಾದ್ದು ಆ ಮನುಷ್ಯ ಆ ಮನೆಯಲ್ಲಿ ದಿನವಿಡೀ ಕೇಳುವ, ಹೇಳಬೇಕಾದ ಭಾಷೆಯನ್ನು. ಕಾರಣ ಇಷ್ಟೇ: ಅಭ್ಯಾಸ ನಲವತ್ತು ನಿಮಿಷದ್ದು, ಉಳಿದ ಹದಿನೈದು ಗಂಟೆ ಆ ಪದಗಳಿಗೆ ಬಳಕೆ ಸಿಗಬೇಕು. ಕನ್ನಡ ಮನೆಯಲ್ಲಿ ತಮಿಳಿನಲ್ಲಿ ಅಭ್ಯಾಸ ಮಾಡಿದ ಪದ ಹಾಳೆ ಮಡಚಿದ ಕೂಡಲೇ ನಿರುದ್ಯೋಗಿ. ಇದೇ ತರ್ಕದಿಂದ, ಮನೆಯಲ್ಲಿ ‘ಊಟ ಮಾಡೋಣ’ ಎನ್ನದೆ ‘ಉಂಬ’ ಎನ್ನುವವರಾದರೆ ಅಭ್ಯಾಸವೂ ‘ಉಂಬ’ ಎಂದೇ ಆಗಬೇಕು. ಪುಸ್ತಕದ ಕನ್ನಡ ಇಲ್ಲಿ ತಮಿಳಿನಷ್ಟೇ ಪರಕೀಯ.

ಓದುವ ಲಿಪಿಯ ಮಾತು ಮಾತ್ರ ಬೇರೆ. ಚೆನ್ನೈನಲ್ಲೇ ಶಾಲೆಗೆ ಹೋದ ಎಷ್ಟೋ ಕನ್ನಡಿಗರಿಗೆ ಕನ್ನಡ ಓದಲು ಬರುವುದಿಲ್ಲ. ಅಂಥವರ ಮುಂದೆ ಕನ್ನಡ ಅಕ್ಷರದ ಚೀಟಿ ಹಿಡಿದರೆ ಪ್ರಯೋಜನವಿಲ್ಲ. ಮಾತು ಕನ್ನಡ, ಬರೆದದ್ದು ಅವರು ಓದುತ್ತಿದ್ದ ತಮಿಳು ಅಥವಾ ಇಂಗ್ಲಿಷ್ ಲಿಪಿಯಲ್ಲಿ. ‘ಮೊಸರು’ ಎಂಬುದನ್ನು ತಮಿಳು ಅಕ್ಷರದಲ್ಲಿ ಬರೆದರೆ ಏನೂ ತಪ್ಪಿಲ್ಲ.

ಮೊದಲು ಬೇಕು, ಬೇಡ

ಪದಗಳ ಪಟ್ಟಿಗಿಂತ ಮುಂಚೆ ಆಗಬೇಕಾದ ಕೆಲಸ ಒಂದಿದೆ: ನಂಬಬಹುದಾದ ಹೌದು-ಅಲ್ಲ. ಅಫೇಸಿಯಾ ಇರುವವರು ‘ಬೇಡ’ ಎನ್ನಲು ಹೋಗಿ ‘ಬೇಕು’ ಎನ್ನುವುದು ಸಾಮಾನ್ಯ. ಕನ್ನಡದಲ್ಲಿ ಇದು ಇನ್ನೂ ಕಷ್ಟ, ಏಕೆಂದರೆ ಎರಡೂ ‘ಬೇ’ ಎಂದೇ ಶುರುವಾಗುತ್ತವೆ. ತಮಿಳಿಗೆ ಹೋದರೂ ಪಾರಾಗುವುದಿಲ್ಲ. ಅಲ್ಲಿ ‘ವೇಣುಂ’, ‘ವೇಣಾಂ’. ಸಾಲದ್ದಕ್ಕೆ ನಮ್ಮ ತಲೆಯಾಟ. ಪಕ್ಕಕ್ಕೆ ಓಲಾಡಿಸಿದರೆ ಹೌದೂ ಆಗಬಹುದು, ಆಗಲಿ ನೋಡೋಣವೂ ಆಗಬಹುದು. ಮನೆಯವರು ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡು ಹೋಗುತ್ತಾರೆ, ರೋಗಿಗೆ ರೇಗುತ್ತದೆ.

ಹಾಗಾಗಿ ಕೈಗೆ ಕೆಲಸ ಕೊಡಬೇಕು. ಎರಡು ದಪ್ಪ ರಟ್ಟು, ಒಂದರ ಮೇಲೆ ಹಸಿರು ಸರಿ ಗುರುತು, ಇನ್ನೊಂದರ ಮೇಲೆ ಕೆಂಪು ತಪ್ಪು ಗುರುತು. ಬಲಗೈ ಬಲಹೀನವಾಗಿದ್ದರೆ ಎಡಗೈಗೆ ಎಟುಕುವ ಕಡೆ ಇಡಬೇಕು. ಎಡ ಮಿದುಳಿನ ಪೆಟ್ಟಿನಲ್ಲಿ ಕೆಲವರಿಗೆ ಬಲಬದಿಯ ನೋಟವೂ ಹೋಗಿರುತ್ತದೆ, ಆದ್ದರಿಂದ ರಟ್ಟು, ಚಿತ್ರ, ಮಾತಾಡಿಸುವವರು ಎಲ್ಲ ನಡುವೆ ಅಥವಾ ಎಡಕ್ಕೆ ಇರುವುದು ಒಳ್ಳೆಯದು. ಆಮೇಲೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನು ಜೋಡಿಯಾಗಿ ಕೇಳಬೇಕು. ‘ನಾವಿರೋದು ಚೆನ್ನೈನಲ್ಲಾ?’ ಸ್ವಲ್ಪ ಹೊತ್ತಿನ ಮೇಲೆ, ‘ನಾವಿರೋದು ಡೆಲ್ಲಿನಲ್ಲಾ?’ ಐದು ಜೋಡಿಯಲ್ಲಿ ನಾಲ್ಕು ಜೋಡಿಗೆ ಎರಡೂ ಕಡೆ ಸರಿಯಾಗಿ ಮುಟ್ಟಿದರೆ ಆ ಉತ್ತರವನ್ನು ನಂಬಿ ಮುಂದೆ ಹೋಗಬಹುದು. ಎಲ್ಲದಕ್ಕೂ ಹಸಿರನ್ನೇ ಮುಟ್ಟುತ್ತಿದ್ದರೆ ಪ್ರಶ್ನೆ ಅರ್ಥವಾಗುತ್ತಿಲ್ಲ ಎಂದು ತಿಳಿಯಬೇಕು. ಆಗ ಪ್ರಶ್ನೆ ಬಿಟ್ಟು ವಸ್ತು ತೋರಿಸುವುದು ಲೇಸು: ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ನೀರಿನ ಲೋಟ, ಬೇಕಾದ್ದನ್ನು ಮುಟ್ಟಲಿ.

ಇಪ್ಪತ್ತೇ ಪದಗಳು

ಪದ ಅಭ್ಯಾಸದ ಬಗ್ಗೆ ಒಂದು ಕಹಿ ಸತ್ಯವನ್ನು ಮೊದಲೇ ತಿಳಿದಿರಬೇಕು. 2019ರಲ್ಲಿ ಬ್ರಿಟನ್ನಿನಲ್ಲಿ ಬಿಗ್ ಕ್ಯಾಕ್ಟಸ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಸ್ಟ್ರೋಕ್ ಆಗಿ ತಿಂಗಳುಗಳು, ವರ್ಷಗಳು ಕಳೆದವರು ಮನೆಯಲ್ಲೇ ಕಂಪ್ಯೂಟರಿನಲ್ಲಿ ತಾವು ಆರಿಸಿಕೊಂಡ ಪದಗಳನ್ನು ಅಭ್ಯಾಸ ಮಾಡಿದರು. ಅಭ್ಯಾಸ ಮಾಡಿದ ಪದಗಳು ನಿಜಕ್ಕೂ ಮರಳಿದವು, ವರ್ಷಗಳ ನಂತರವೂ ಮರಳಿದವು. ಆದರೆ ಒಟ್ಟು ಸಂಭಾಷಣೆ ಅಷ್ಟರಿಂದಲೇ ಸುಧಾರಿಸಲಿಲ್ಲ. ಅಂದರೆ ‘ಆನೆ’ ಎಂಬ ಪದ ಕಲಿಸಿದರೆ ಬರುವುದು ಆನೆಯೇ, ಅದರ ಹಿಂದೆ ‘ಮಾತ್ರೆ’ ನಡೆದು ಬರುವುದಿಲ್ಲ. ಹಾಗಿರುವಾಗ ಮಕ್ಕಳ ಅಕ್ಷರಮಾಲೆಯ ಚಾರ್ಟ್ ಗೋಡೆಗೆ ಅಂಟಿಸಿ ಅರವತ್ತು ದಾಟಿದವರಿಗೆ ಅರಸ, ಆನೆ, ಇಲಿ ಕಲಿಸುವುದು ಎರಡು ರೀತಿಯಲ್ಲಿ ನಷ್ಟ. ಸಮಯವೂ ಹೋಯಿತು, ಮರ್ಯಾದೆಯೂ ಹೋಯಿತು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಪಶ್ಚಿಮ ಮಾಂಬಲದಲ್ಲಿ ಇರುವ, ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗ ಬಂದು ಹೋಟೆಲಿನ ಗಲ್ಲಾದಲ್ಲಿ ಕೂತು ನಿವೃತ್ತರಾದ ಅರವತ್ತಾರು ವರ್ಷದ ಯಜಮಾನರು. ಮನೆಯಲ್ಲಿ ಹೆಂಡತಿ, ಮಗ, ತಮಿಳು ಮನೆಯಿಂದ ಬಂದ ಸೊಸೆ, ಏಳು ವರ್ಷದ ಮೊಮ್ಮಗ. ಹೇಳಿದ್ದು ಬಹಳಷ್ಟು ಅರ್ಥವಾಗುತ್ತದೆ. ಬಾಯಿಗೆ ಬರುವುದು ‘ಅದು... ಅದು’ ಮತ್ತು ನಾಲ್ಕೈದು ಪದ.

ಹೆಂಡತಿ ಎರಡು ದಿನ ಒಂದು ನೋಟ್‌ಬುಕ್ಕಿನಲ್ಲಿ, ಅವರು ಯಾವುದಕ್ಕಾಗಿ ತಡವರಿಸಿದರು, ಕೈ ತೋರಿಸಿದರು, ರೇಗಿದರು ಎಂದು ಬರೆದಿಡುತ್ತಾರೆ. ಪಟ್ಟಿ ಅಲ್ಲಿಂದ ಹುಟ್ಟುತ್ತದೆ: ಮೊಮ್ಮಗನ ಮುದ್ದಿನ ಹೆಸರು, ಮಗನ ಹೆಸರು, ಕಾಫಿ, ನೀರು, ಮೊಸರು, ಕನ್ನಡಕ, ಪಂಚೆ, ಫ್ಯಾನು, ಪೇಪರ್, ಬಚ್ಚಲು, ಬೆನ್ನು, ನೋವು, ಮಾತ್ರೆ, ಚಿಲ್ಲರೆ, ಚಾವಿ, ಫೋನು, ಸಾಕು, ಆಮೇಲೆ, ಬಿಸಿ, ಊರು. ಒಟ್ಟು ಇಪ್ಪತ್ತು. ಇದನ್ನು ಕಷ್ಟದ ಪದಗಳು ಎರಡೂ ಕಡೆ ಸಮವಾಗಿ ಬರುವಂತೆ ಹತ್ತು ಹತ್ತಾಗಿ ಒಡೆಯಬೇಕು. ಮೊದಲ ತಿಂಗಳು ಒಂದೇ ಹತ್ತಕ್ಕೆ ಅಭ್ಯಾಸ, ಇನ್ನೊಂದು ಹತ್ತು ಕಾದಿರಲಿ. ಕಾದಿರಿಸುವುದು ಏಕೆಂಬುದು ಮುಂದೆ ತಿಳಿಯುತ್ತದೆ.

ಬೆಳಿಗ್ಗೆ ತಿಂಡಿ ಆದ ಮೇಲೆ ಇಪ್ಪತ್ತು ನಿಮಿಷ, ಸಂಜೆ ಇಪ್ಪತ್ತು ನಿಮಿಷ, ವಾರಕ್ಕೆ ಐದು ದಿನ. ಟಿವಿ ಆರಿಸಿರಬೇಕು, ಕನ್ನಡಕವೋ ಕಿವಿಯಂತ್ರವೋ ಇದ್ದರೆ ಹಾಕಿರಬೇಕು. ಚಿತ್ರಕ್ಕಿಂತ ಮನೆಯ ನಿಜವಾದ ವಸ್ತು ಮೇಲು. ‘ಕನ್ನಡಕ’ ಎಂಬ ಪದಕ್ಕೆ ಮೆಟ್ಟಿಲು ಹೀಗೆ ಇಳಿಯುತ್ತದೆ.

ಮೊದಲು ಕನ್ನಡಕವನ್ನು ಮುಂದಿಟ್ಟು ಸುಮ್ಮನೆ ಕಾಯುವುದು. ಮನಸ್ಸಿನಲ್ಲಿ ನಿಧಾನವಾಗಿ ಹತ್ತು ಎಣಿಸುವಷ್ಟು. ಮನೆಯವರಿಗೆ ಎಲ್ಲಕ್ಕಿಂತ ಕಷ್ಟದ ಮೆಟ್ಟಿಲು ಇದೇ. ಬಹುತೇಕರು ಮೂರಕ್ಕೆ ಬಾಯಿ ತೆರೆಯುತ್ತಾರೆ. ಬರಲಿಲ್ಲವೇ, ಅದರ ಸುತ್ತ ಹೇಳುವುದು: ‘ಪೇಪರ್ ಓದುವಾಗ ಹಾಕ್ಕೊಳ್ತೀರಲ್ಲ, ಮೂಗಿನ ಮೇಲೆ ಕೂರುತ್ತೆ.’ ಸಾಧ್ಯವಾದರೆ ಅವರ ಕೈಯಲ್ಲೇ ಹಾಕಿಕೊಂಡು ತೋರಿಸಲಿ. ಆಗಲೂ ಬರಲಿಲ್ಲವೇ, ಅರ್ಧ ವಾಕ್ಯ: ‘ಓದೋದಕ್ಕೆ ಕಣ್ಣು ಕಾಣ್ತಿಲ್ಲ, ಎಲ್ಲಿ ನನ್ನ...’ ಎಂದು ಎಳೆದು ನಿಲ್ಲಿಸುವುದು. ಆಮೇಲೆ ಮೊದಲ ಸದ್ದು: ‘ಕನ್...’ ಎಂದು ತುಟಿ ಬಾಯಿ ಅವರಿಗೆ ಕಾಣುವಂತೆ. ಕೊನೆಗೆ ಇಬ್ಬರೂ ಒಟ್ಟಿಗೆ: ‘ಕನ್ನಡಕ.’ ಅದೂ ಆಗದಿದ್ದರೆ ತಾವು ಹೇಳಿ, ಅವರು ಹೇಳಲಿ.

ಪದ ಬಂದ ಮೇಲೆ ಕೆಲಸ ಮುಗಿಯುವುದಿಲ್ಲ, ಅಲ್ಲಿಂದಲೇ ಶುರು. ಕನ್ನಡಕವನ್ನು ಪಕ್ಕಕ್ಕಿಟ್ಟು ಇನ್ನೊಂದು ಪದ ಮುಗಿಸಿ, ಒಂದು ನಿಮಿಷದ ಮೇಲೆ ಸುಳಿವಿಲ್ಲದೆ ಮತ್ತೆ ಮುಂದಿಡುವುದು. ಬಂದರೆ ಐದು ನಿಮಿಷದ ಮೇಲೆ, ಆಮೇಲೆ ಅಭ್ಯಾಸದ ಕೊನೆಗೆ. ಪದವನ್ನು ಗಟ್ಟಿ ಮಾಡುವುದು ಈ ಹೆಚ್ಚುತ್ತ ಹೋಗುವ ಬಿಡುವು. ಒಂದೇ ಉಸಿರಿನಲ್ಲಿ ‘ಕನ್ನಡಕ ಕನ್ನಡಕ ಕನ್ನಡಕ’ ಎಂದು ಹದಿನೈದು ಸಲ ಹೇಳಿಸಿದರೆ ನಾಲಿಗೆಗೆ ವ್ಯಾಯಾಮ, ನೆನಪಿಗೆ ಏನೂ ಇಲ್ಲ.

ಮುಂದೆ ಫ್ಯಾನು ತೋರಿಸಿದರೂ ‘ಕನ್ನಡಕ’ ಎಂದೇ ಬರಬಹುದು. ಹಿಂದಿನ ಪದ ಅಂಟಿಕೊಂಡಿದೆ ಎಂದರ್ಥ. ‘ಅಲ್ಲ, ಅಲ್ಲ’ ಎಂದು ಒತ್ತಾಯಿಸಿದಷ್ಟೂ ಅದು ಇನ್ನೂ ಅಂಟುತ್ತದೆ. ಎಲ್ಲ ವಸ್ತು ಎತ್ತಿಟ್ಟು ಒಂದು ನಿಮಿಷ ಮೌನ, ಒಂದು ಗುಟುಕು ನೀರು, ಆಮೇಲೆ ತೀರ ಬೇರೆ ಜಾತಿಯ ಪದ.

ಕ್ರಿಯಾಪದ ಕೊನೆಯಲ್ಲಿ

ಇಂಗ್ಲಿಷ್ ಹಾಳೆಗಳನ್ನು ಹಾಗೇ ಕನ್ನಡಕ್ಕೆ ತಂದರೆ ಕೈತಪ್ಪುವ ಅನುಕೂಲವೊಂದಿದೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಹಾಗಾಗಿ ಅರ್ಧ ವಾಕ್ಯದ ಸುಳಿವು ಕ್ರಿಯಾಪದಕ್ಕೆ ಬಲು ಸಹಜವಾಗಿ ಒದಗುತ್ತದೆ. ‘ಕಾಫಿ ಆರಿಹೋಗ್ತಿದೆ, ಬೇಗ...’ ಎಂದರೆ ‘ಕುಡಿ’ ತಾನಾಗಿ ತುಟಿಗೆ ಬರುತ್ತದೆ. ‘ಕರೆಂಟ್ ಹೋಗಿತ್ತು, ಈಗ...’ ‘ಬಂತು.’ ಜೊತೆಗೆ ಕನ್ನಡದಲ್ಲಿ ಒಂದೇ ಪದ ಪೂರ್ತಿ ವಾಕ್ಯವಾಗಬಲ್ಲದು. ‘ಬಂತು’, ‘ಸಾಕು’, ‘ಆಯ್ತು’, ‘ಗೊತ್ತಿಲ್ಲ’, ‘ತಡಿ’: ಇವುಗಳಿಗೆ ನಾನು, ನೀನು ಸೇರಿಸಬೇಕಾಗಿಲ್ಲ. ಒಂದೊಂದೇ ಪದ ಬರುವ ಮನುಷ್ಯನಿಗೆ ಇಂಥ ಹತ್ತು ಪದ ಸಿಕ್ಕರೆ ಹತ್ತು ವಾಕ್ಯ ಸಿಕ್ಕಂತೆ. ಹೆಸರುಗಳ ಪಟ್ಟಿ ಮಾಡುವವರು ಇವನ್ನು ಮರೆಯಬಾರದು.

ಕ್ರಿಯಾಪದದ ತುದಿ ಕಳಚುವುದು ಮಾತ್ರ ಕನ್ನಡದ ಕಷ್ಟ. ‘ಕುಡೀತೀನಿ’ ಎನ್ನಬೇಕಾದಲ್ಲಿ ‘ಕುಡಿ’, ‘ಬನ್ನಿ’ ಎನ್ನಬೇಕಾದಲ್ಲಿ ‘ಬಾ’. ಮನೆಗೆ ಬಂದ ಬೀಗರಿಗೆ ಯಜಮಾನರು ‘ಬಾ, ಕೂರು’ ಎಂದಾಗ ಮನೆಯವರಿಗೆ ಇರಿಸುಮುರುಸು. ಅದು ಅವಮರ್ಯಾದೆಯಲ್ಲ, ಗೌರವ ತೋರಿಸುವ ತುಣುಕೇ ಮಾತಿನಿಂದ ಉದುರಿದೆ. ಬಂದವರಿಗೆ ಒಂದು ಮಾತು ಹೇಳಿದರೆ ಸಾಕು. ರೋಗಿಯನ್ನು ಎಲ್ಲರ ಮುಂದೆ ತಿದ್ದಬಾರದು. ‘ಕಾಫಿ... ಕುಡಿ’ ಎಂದರೆ, ‘ಓ, ಕಾಫಿ ಕುಡೀತೀರಾ? ತರ್ತೀನಿ ರೀ’ ಎಂದು ಪೂರ್ತಿ ರೂಪವನ್ನು ತಾವು ಹೇಳಿ ಕಾಫಿ ತಂದರಾಯಿತು. ಕೇಳಿದ್ದೂ ಸಿಕ್ಕಿತು, ಸರಿಯಾದ ರೂಪವೂ ಕಿವಿಗೆ ಬಿತ್ತು.

ಉಳಿದ ಹೊತ್ತು

ನಲವತ್ತು ನಿಮಿಷ ಬಿಟ್ಟರೆ ದಿನದ ಉಳಿದ ಹೊತ್ತಿನಲ್ಲಿ ಮನೆಯವರು ಅಭ್ಯಾಸ ಮಾಡಿಸಬಾರದು, ಮಾತಾಡಬೇಕು. ಟೊರೊಂಟೊದಲ್ಲಿ ಆರಾ ಕಾಗನ್ ಎಂಬ ವಾಕ್ ಚಿಕಿತ್ಸಕಿ ಬೆಳೆಸಿದ ಪದ್ಧತಿಯ ತಿರುಳು ಇದೇ: ರೋಗಿಗೆ ಮಾತು ಕಲಿಸುವಷ್ಟೇ ಮುಖ್ಯ, ಎದುರಿಗೆ ಕೂತವರಿಗೆ ಮಾತಾಡಿಸಲು ಕಲಿಸುವುದು. ಅವರಿಗೆ ತಿಳಿವಳಿಕೆ ಇದೆ ಎಂದು ಒಪ್ಪಿಕೊಂಡೇ ಮಾತು ಶುರುವಾಗಬೇಕು. ‘ನಿಮಗೆ ಗೊತ್ತಿದೆ, ಬಾಯಿಗೆ ಬರ್ತಿಲ್ಲ ಅಷ್ಟೆ’ ಎಂಬ ಒಂದು ಮಾತು ಎಷ್ಟೋ ಸಿಟ್ಟನ್ನು ಇಳಿಸುತ್ತದೆ.

ಮಗ ಕಾಗದ, ದಪ್ಪ ಪೆನ್ನು ಹಿಡಿದು ಕೂರಲಿ. ಅಪ್ಪ ‘ಅದು... ಊರು... ಅದು’ ಎಂದರೆ, ಮಗ ಊಹಿಸುತ್ತ ಮಾತು ಸುರಿಸುವ ಬದಲು ಮೂರು ಪದ ದೊಡ್ಡದಾಗಿ ಬರೆಯಲಿ: ಹಬ್ಬ, ಜಮೀನು, ಚಿಕ್ಕಪ್ಪ. ಜೊತೆಗೆ ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆ, ‘ಇದ್ಯಾವುದೂ ಅಲ್ಲ’ ಎಂಬುದಕ್ಕೆ. ಅಪ್ಪ ಚಿಕ್ಕಪ್ಪನನ್ನು ಮುಟ್ಟಿದರು. ‘ಚಿಕ್ಕಪ್ಪನಿಗೆ ಫೋನ್ ಮಾಡ್ಬೇಕಾ, ಅವರು ಬರ್ಬೇಕಾ?’ ಎರಡನ್ನೂ ಬರೆದು ತೋರಿಸಿದರೆ ಮುಂದಿನ ಹೆಜ್ಜೆ. ಕೊನೆಗೆ ಅರ್ಥವಾದದ್ದನ್ನು ಒಮ್ಮೆ ಹೇಳಿ ಹಸಿರು-ಕೆಂಪು ರಟ್ಟಿನಲ್ಲಿ ಖಚಿತ ಮಾಡಿಕೊಳ್ಳಬೇಕು. ಇಷ್ಟಕ್ಕೆ ನಾಲ್ಕು ನಿಮಿಷ ಹಿಡಿಯಬಹುದು, ಆದರೆ ಆ ನಾಲ್ಕು ನಿಮಿಷದಲ್ಲಿ ಅಪ್ಪ ಮನೆಯ ಯಜಮಾನರಾಗಿ ಒಂದು ವಿಷಯ ತೀರ್ಮಾನಿಸಿದ್ದಾರೆ. ಸೊಸೆ ತನ್ನ ತಮಿಳಿನಲ್ಲೇ ಮಾತಾಡಲಿ. ಮೊದಲೂ ಅವರಿಬ್ಬರ ನಡುವೆ ಇದ್ದದ್ದು ಅದೇ ಭಾಷೆ.

ಬೇಡವಾದ ಸಂಗತಿಗಳು ಎರಡೇ. ಅವರ ಎದುರಿಗೇ ಅವರ ಬಗ್ಗೆ ಮೂರನೆಯವರೊಡನೆ ‘ಇವರಿಗೆ ಏನೂ ಗೊತ್ತಾಗಲ್ಲ’ ಎನ್ನುವುದು, ಮತ್ತು ಅರ್ಥವಾಗದೆಯೇ ‘ಹೂಂ, ಹೂಂ’ ಎನ್ನುವುದು. ‘ಅರ್ಥವಾಗಲಿಲ್ಲ, ಸಂಜೆ ಮತ್ತೆ ನೋಡೋಣ’ ಎಂಬುದು ಸುಳ್ಳು ಹೂಂಗಿಂತ ಹೆಚ್ಚು ಗೌರವದ ಮಾತು.

ಆಗುತ್ತಿದೆಯೇ ಎಂದು ತಿಳಿಯುವುದು

ಕಾದಿರಿಸಿದ ಹತ್ತು ಪದಗಳ ಕೆಲಸ ಇಲ್ಲಿದೆ. ಮೊದಲ ದಿನ ಇಪ್ಪತ್ತನ್ನೂ ಸುಳಿವಿಲ್ಲದೆ ಒಮ್ಮೆ ನೋಡಿ ಬರೆದಿಡಬೇಕು. ಅಭ್ಯಾಸದ ಹತ್ತರಲ್ಲಿ ಮೂರು, ಕಾದಿರುವ ಹತ್ತರಲ್ಲಿ ಎರಡು ಬಂದವು ಎಂದುಕೊಳ್ಳೋಣ. ನಾಲ್ಕು ವಾರದ ಮೇಲೆ ಎಂಟು ಮತ್ತು ಮೂರು ಎಂದಾದರೆ ಅಭ್ಯಾಸ ಕೆಲಸ ಮಾಡಿದೆ. ಏಳು ಮತ್ತು ಏಳು ಎಂದಾದರೆ ಮಿದುಳು ತಾನೇ ಚೇತರಿಸಿಕೊಳ್ಳುತ್ತಿದೆ. ಮೊದಲ ತಿಂಗಳುಗಳಲ್ಲಿ ಹೀಗಾಗುವುದುಂಟು, ಸಂತೋಷದ ವಿಷಯವೇ. ಮೂರು ಮತ್ತು ಎರಡರಲ್ಲೇ ನಿಂತಿದ್ದರೆ ಅದೇ ಅಭ್ಯಾಸವನ್ನು ಇನ್ನೂ ಜೋರಾಗಿ ಮಾಡಿಸುವುದು ಪರಿಹಾರವಲ್ಲ. ನೋಟ್‌ಬುಕ್ ತೆಗೆದುಕೊಂಡು ಚಿಕಿತ್ಸಕರ ಬಳಿ ಹೋಗಬೇಕು. ತಿಂಗಳು ಕಳೆದ ಮೇಲೆ ಕಾದಿರುವ ಹತ್ತಕ್ಕೆ ಸರದಿ.

ಅಂಕಿ ಚೆನ್ನಾಗಿದ್ದೂ ಮೋಸವಾಗಬಹುದು. ವಸ್ತುಗಳ ಸಾಲು ಬದಲಿಸಿದರೆ ಪದ ತಪ್ಪುತ್ತದೆಯೇ? ಹಾಗಾದರೆ ಕಲಿತದ್ದು ಸಾಲನ್ನು. ಹೆಂಡತಿ ಕೂತರೆ ಬರುವುದು ಮೊಮ್ಮಗ ಕೂತರೆ ಬರುವುದಿಲ್ಲವೇ? ವಾರಕ್ಕೆರಡು ದಿನ ಮೊಮ್ಮಗನೇ ಕೂರಲಿ. ನಿಜವಾದ ಪರೀಕ್ಷೆ ನಡೆಯುವುದು ಅಭ್ಯಾಸದ ಹೊರಗೆ: ಮಧ್ಯಾಹ್ನ ಯಾರೂ ಕೇಳದಿದ್ದಾಗ ಅವರಾಗಿಯೇ ‘ಮೊಸರು’ ಎಂದರೆ ಅದಕ್ಕೆ ನೋಟ್‌ಬುಕ್ಕಿನಲ್ಲಿ ನಕ್ಷತ್ರ ಹಾಕಬೇಕು.

ಎಷ್ಟು ಅಭ್ಯಾಸ ಬೇಕು ಎಂಬುದಕ್ಕೂ ಒಂದು ಅಂದಾಜಿದೆ. ಹಲವು ದೇಶಗಳ ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿದ ರಿಲೀಸ್ ಎಂಬ ಸಂಶೋಧಕರ ಕೂಟ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಒಟ್ಟು 20ರಿಂದ 50 ಗಂಟೆ ಚಿಕಿತ್ಸೆ ಪಡೆದವರಲ್ಲಿ ಹೆಚ್ಚಿನ ಸುಧಾರಣೆ ಕಂಡಿತು. ಅದು ಚಿಕಿತ್ಸಕರ ಜೊತೆಗಿನ ಗಂಟೆಗಳ ಲೆಕ್ಕ. ಮನೆಯ ಅಭ್ಯಾಸ ಅದರ ಬದಲಿಯಲ್ಲ, ಜೊತೆಗಾರ. ಆದರೂ ದಿನಕ್ಕೆ ನಲವತ್ತು ನಿಮಿಷದಂತೆ ವಾರಕ್ಕೆ ಐದು ದಿನ ನಡೆಸಿದರೆ ಆರು ವಾರಕ್ಕೆ 20 ಗಂಟೆ ಆಗುತ್ತದೆ ಎಂಬುದು ನೆನಪಿರಲಿ. ವಾರಕ್ಕೊಮ್ಮೆ ಥೆರಪಿಗೆ ಹೋಗಿ ಉಳಿದ ದಿನ ಸುಮ್ಮನಿರುವವರಿಗೆ ಅಷ್ಟು ಗಂಟೆ ಸೇರಲು ತಿಂಗಳುಗಳೇ ಬೇಕು.

ಥೆರಪಿಸ್ಟಿಗೆ ಕನ್ನಡ ಬರುವುದಿಲ್ಲವಲ್ಲ

ಇದೇ ಇಲ್ಲಿ ಬರುವ ನ್ಯಾಯವಾದ ಆಕ್ಷೇಪ. ಚೆನ್ನೈನಲ್ಲಿ ಒಳ್ಳೆಯ ವಾಕ್ ಚಿಕಿತ್ಸಕರಿದ್ದಾರೆ, ಕನ್ನಡ ಬಲ್ಲವರು ಸಿಗುವುದು ಅದೃಷ್ಟ. ಆದರೆ ಚಿಕಿತ್ಸಕರಿಂದ ಬೇಕಾದದ್ದು ಪದಗಳ ಪಟ್ಟಿಯಲ್ಲ. ಯಾವ ಬಗೆಯ ಅಫೇಸಿಯಾ, ಯಾವ ಸುಳಿವು ಇವರಿಗೆ ಹೆಚ್ಚು ಕೆಲಸ ಮಾಡುತ್ತದೆ, ಎಲ್ಲಿ ನಿಲ್ಲಿಸಬೇಕು, ಈ ಮೂರನ್ನು ಅವರು ತಮಿಳಿನಲ್ಲೇ ಹೇಳಿಕೊಡಬಲ್ಲರು. ಪಟ್ಟಿಯನ್ನು ಕನ್ನಡದಲ್ಲಿ ತುಂಬುವ ಕೆಲಸ ಮನೆಯವರದು. ಅಭ್ಯಾಸದ ಐದು ನಿಮಿಷದ ವಿಡಿಯೋ ತೆಗೆದು ತೋರಿಸಿದರೆ ಭಾಷೆ ಗೊತ್ತಿಲ್ಲದ ಚಿಕಿತ್ಸಕರಿಗೂ ಮನೆಯವರು ಎಲ್ಲಿ ಅವಸರ ಮಾಡುತ್ತಿದ್ದಾರೆ ಎಂಬುದು ಕಾಣುತ್ತದೆ. ಕನ್ನಡದಲ್ಲೇ ಪರೀಕ್ಷೆ ಮಾಡಿಸಬೇಕೆನ್ನುವವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಫೇಸಿಯಾವನ್ನು ಅಳೆಯುವ ಪರೀಕ್ಷೆಯ ಕನ್ನಡ ರೂಪವೂ ಕನ್ನಡದ ಚಿಕಿತ್ಸಾ ಕೈಪಿಡಿಯೂ ಅಲ್ಲಿ ಸಿದ್ಧವಾಗಿವೆ. ಒಮ್ಮೆ ಅಲ್ಲಿಗೆ ಹೋಗಿ ವರದಿ ತಂದರೆ ಚೆನ್ನೈನ ಚಿಕಿತ್ಸಕರಿಗೂ ಅದು ದಾರಿ ತೋರಿಸುತ್ತದೆ.

ಮನೆಯ ಅಭ್ಯಾಸ ಮಾಡಲಾಗದ ಕೆಲಸಗಳೂ ಇವೆ. ನೀರು ಕುಡಿದಾಗ ಕೆಮ್ಮು ಬಂದರೆ ಅದು ನುಂಗುವ ತೊಂದರೆ, ಅದಕ್ಕೆ ಬೇರೆಯೇ ತಪಾಸಣೆ ಬೇಕು. ಮೊದಲು ಖುಷಿಯಿಂದ ಕೂರುತ್ತಿದ್ದವರು ವಾರಗಟ್ಟಲೆ ಮುಖ ತಿರುಗಿಸಿದರೆ, ಊಟ ನಿದ್ದೆ ಬಿಟ್ಟರೆ ಅದನ್ನು ಸೋಮಾರಿತನ ಎನ್ನಬಾರದು. ಸ್ಟ್ರೋಕಿನ ನಂತರ ಖಿನ್ನತೆ ಸಾಮಾನ್ಯ, ಅದಕ್ಕೆ ಔಷಧಿ ಇದೆ. ನಿನ್ನೆ ಬರುತ್ತಿದ್ದ ಮಾತು ಇವತ್ತು ಇದ್ದಕ್ಕಿದ್ದಂತೆ ನಿಂತರೆ, ಬಾಯಿ ಸೊಟ್ಟಗಾದರೆ, ಅಭ್ಯಾಸದ ಪುಸ್ತಕ ಬಿಟ್ಟು ಆ ಕ್ಷಣವೇ ಆಂಬುಲೆನ್ಸಿಗೆ 108 ಒತ್ತಬೇಕು. ಇನ್ನೊಂದು ಸ್ಟ್ರೋಕ್ ಇರಬಹುದು, ಅಲ್ಲಿ ಲೆಕ್ಕಕ್ಕೆ ಬರುವುದು ನಿಮಿಷಗಳು.

ಪೂರ್ತಿ ಮಾತು ಎಲ್ಲರಿಗೂ ಮರಳುವುದಿಲ್ಲ. ಪಶ್ಚಿಮ ಮಾಂಬಲದ ಆ ಯಜಮಾನರು ಗಲ್ಲಾದಲ್ಲಿ ಕೂತು ನಾಲ್ಕು ಭಾಷೆಯಲ್ಲಿ ಗಿರಾಕಿಗಳನ್ನು ವಿಚಾರಿಸಿಕೊಳ್ಳುವ ದಿನ ಮತ್ತೆ ಬಾರದಿರಬಹುದು. ಆದರೆ ಮೊಸರು ಬೇಕು, ಬೆನ್ನು ನೋವು, ಫ್ಯಾನು ಸಾಕು, ತಮ್ಮನಿಗೆ ಫೋನು, ಇವಿಷ್ಟು ಸ್ವಂತ ಬಾಯಿಂದ ಹೇಳಬಲ್ಲವರಾದರೆ ಆ ಮನೆಯಲ್ಲಿ ಅವರ ಜಾಗ ಬದಲಾಗುತ್ತದೆ. ಅದಕ್ಕೆ ಬೇಕಾದದ್ದು ಇಪ್ಪತ್ತು ಪದ, ಒಂದು ನೋಟ್‌ಬುಕ್ಕು, ಹತ್ತು ಎಣಿಸುವಷ್ಟು ತಾಳ್ಮೆ, ಮತ್ತು ಮೊದಲಿಂದ ಆಡುತ್ತಿದ್ದ ಅದೇ ಕನ್ನಡ.